ಲಾಭ-ನಷ್ಟವಿಲ್ಲದ ಬಿಂದು: ಬಂದ ಉತ್ತರ ಸರಿಯೇ ಎಂದು ತಾಳೆ ನೋಡುವ ಕ್ರಮ

ಮೌಲ್ಯವರ್ಧಿತ ಉತ್ಪನ್ನಗಳ ಘಟಕ ನಡೆಸುವವರು ತಿಂಗಳಿಗೆ ಎಷ್ಟು ಮಾರಿದರೆ ಖರ್ಚು ಸರಿದೂಗುತ್ತದೆ ಎಂಬುದನ್ನು ತಿಳಿದಿರಬೇಕಾಗುತ್ತದೆ. ಲಾಭವೂ ಇಲ್ಲದ ನಷ್ಟವೂ ಇಲ್ಲದ ಆ ಮಾರಾಟದ ಪ್ರಮಾಣವನ್ನು ಲಾಭ-ನಷ್ಟವಿಲ್ಲದ ಬಿಂದು ಅಥವಾ ಬ್ರೇಕ್-ಈವನ್ ಬಿಂದು ಎನ್ನುತ್ತಾರೆ. ಇದನ್ನು ಕಂಡುಹಿಡಿಯಲು ಒಂದು ಭಾಗಾಕಾರ ಸಾಕು. ಆದರೆ ಭಾಗಾಕಾರ ಸರಿಯಿದ್ದೂ ಉತ್ತರ ತಪ್ಪಾಗಿರುವ ಸಂದರ್ಭಗಳು ಹಲವು. ಲಾಭದಲ್ಲಿರುವ ಘಟಕವನ್ನು ನಷ್ಟದ್ದೆಂದು ಭಾವಿಸಿ ಮುಚ್ಚುವುದಕ್ಕೂ, ನಷ್ಟದಲ್ಲಿರುವುದನ್ನು ಲಾಭದ್ದೆಂದು ನಂಬಿ ಸಾಲ ಹೆಚ್ಚಿಸಿಕೊಳ್ಳುವುದಕ್ಕೂ ಇಂಥ ತಪ್ಪು ಉತ್ತರವೇ ಕಾರಣವಾಗಬಹುದು. ಆದ್ದರಿಂದ ಬಂದ ಉತ್ತರವನ್ನು ತಾಳೆ ನೋಡುವ ಕ್ರಮವನ್ನು ಒಂದು ಉದಾಹರಣೆಯ ಮೂಲಕ ಇಲ್ಲಿ ವಿವರಿಸಲಾಗಿದೆ.

ಉದಾಹರಣೆ: ರಾಗಿ ಹುರಿಹಿಟ್ಟಿನ ಘಟಕ

ಒಂದು ಮಹಿಳಾ ಸ್ವಸಹಾಯ ಸಂಘವು ರಾಗಿ ಹುರಿಹಿಟ್ಟನ್ನು ಅರ್ಧ ಕಿಲೋ ಪೊಟ್ಟಣಗಳಲ್ಲಿ ಮಾರುತ್ತಿದೆ ಎಂದುಕೊಳ್ಳೋಣ. ಇಲ್ಲಿನ ದರಗಳು ಲೆಕ್ಕದ ಕ್ರಮವನ್ನು ತೋರಿಸಲು ಊಹಿಸಿಕೊಂಡವು. ಓದುಗರು ತಮ್ಮ ಊರಿನ ದರಗಳನ್ನು ಬಳಸಬೇಕು.

ಮೊದಲಿಗೆ ಮಾರಾಟ ಎಷ್ಟೇ ಇದ್ದರೂ ಪ್ರತಿ ತಿಂಗಳು ಬರುವ ಸ್ಥಿರ ವೆಚ್ಚವನ್ನು ಗುರುತಿಸಬೇಕು. ಕೊಠಡಿಯ ಬಾಡಿಗೆ 5,000 ರೂಪಾಯಿ, ತಿಂಗಳ ಸಂಬಳದ ಒಬ್ಬ ಕೆಲಸಗಾರ್ತಿಗೆ 9,000 ರೂಪಾಯಿ, ಸಾಲದ ಬಡ್ಡಿ 1,500 ರೂಪಾಯಿ, ವಿದ್ಯುತ್ತಿನ ನಿಗದಿತ ಶುಲ್ಕ ಮತ್ತು ಪರವಾನಗಿಯ ಖರ್ಚು 500 ರೂಪಾಯಿ. ಹುರಿಯುವ, ಬೀಸುವ ಮತ್ತು ಪೊಟ್ಟಣದ ಬಾಯಿ ಮುಚ್ಚುವ ಯಂತ್ರಗಳ ಬೆಲೆ 1,80,000 ರೂಪಾಯಿ. ಅವು ಐದು ವರ್ಷ ಬಾಳುತ್ತವೆ ಎಂದಿಟ್ಟುಕೊಂಡರೆ ಸವಕಳಿ ವರ್ಷಕ್ಕೆ 36,000 ರೂಪಾಯಿ, ತಿಂಗಳಿಗೆ 3,000 ರೂಪಾಯಿ. ಒಟ್ಟು ಸ್ಥಿರ ವೆಚ್ಚ ತಿಂಗಳಿಗೆ 19,000 ರೂಪಾಯಿ.

ಎರಡನೆಯದು, ಪೊಟ್ಟಣ ಹೆಚ್ಚಿದಂತೆ ಹೆಚ್ಚುವ ಬದಲಾಗುವ ವೆಚ್ಚ. ರಾಗಿಯನ್ನು ಸ್ವಚ್ಛಗೊಳಿಸಿ, ಹುರಿದು, ಬೀಸಿ, ಜರಡಿ ಹಿಡಿದಾಗ ತೂಕ ತಗ್ಗುತ್ತದೆ. ಅರ್ಧ ಕಿಲೋ ಹಿಟ್ಟಿಗೆ 600 ಗ್ರಾಂ ರಾಗಿ ಬೇಕೆಂದು ಹಿಡಿದರೆ, ಕಿಲೋಗೆ 40 ರೂಪಾಯಿಯಂತೆ ಪೊಟ್ಟಣಕ್ಕೆ 24 ರೂಪಾಯಿ. ಕವರು ಮತ್ತು ಚೀಟಿಗೆ 5, ಸೌದೆ ಮತ್ತು ಬಳಸಿದ ವಿದ್ಯುತ್ತಿಗೆ 3, ಪೊಟ್ಟಣದ ಲೆಕ್ಕದಲ್ಲಿ ಕೊಡುವ ತುಂಬುವ ಕೂಲಿ 4, ಸಾಗಣೆ ಮತ್ತು ಅಂಗಡಿಯವರ ಕಮಿಷನ್ 7 ರೂಪಾಯಿ. ಒಟ್ಟು ಪೊಟ್ಟಣಕ್ಕೆ 43 ರೂಪಾಯಿ.

ಮಾರಾಟದ ಬೆಲೆ 65 ರೂಪಾಯಿ. ಇದರಲ್ಲಿ 43 ರೂಪಾಯಿ ಕಳೆದರೆ 22 ರೂಪಾಯಿ ಉಳಿಯುತ್ತದೆ. ಇದೇ ಪ್ರತಿ ಪೊಟ್ಟಣದ ವಂತಿಗೆ. ಇದನ್ನು ಲಾಭವೆಂದು ತಿಳಿಯಬಾರದು. ಮಾರಾಟವಾದ ಪ್ರತಿ ಪೊಟ್ಟಣವೂ ಸ್ಥಿರ ವೆಚ್ಚವನ್ನು ತೀರಿಸಲು 22 ರೂಪಾಯಿ ಸಲ್ಲಿಸುತ್ತದೆ. ಆ ವೆಚ್ಚ ಪೂರ್ತಿ ತೀರಿದ ಮೇಲೆ ಬರುವ ವಂತಿಗೆ ಮಾತ್ರ ಲಾಭ.

ಲಾಭ-ನಷ್ಟವಿಲ್ಲದ ಬಿಂದು = ಸ್ಥಿರ ವೆಚ್ಚ ÷ ಪ್ರತಿ ಪೊಟ್ಟಣದ ವಂತಿಗೆ
= 19,000 ÷ 22 = 863.64

ಪೊಟ್ಟಣವನ್ನು ಒಡೆದು ಮಾರುವಂತಿಲ್ಲ. ಆದ್ದರಿಂದ ಉತ್ತರವನ್ನು ಯಾವಾಗಲೂ ಮುಂದಿನ ಪೂರ್ಣ ಸಂಖ್ಯೆಗೆ ಏರಿಸಬೇಕು. ಉತ್ತರ 863.2 ಬಂದಿದ್ದರೂ 863 ಎಂದು ಇಳಿಸಬಾರದು. ಇಲ್ಲಿ ಉತ್ತರ 864 ಪೊಟ್ಟಣ.

ಮೊದಲ ತಾಳೆ: ಉತ್ತರವನ್ನು ವಂತಿಗೆಯಿಂದ ಗುಣಿಸುವುದು

ಉತ್ತರವನ್ನು ಮತ್ತೆ ವಂತಿಗೆಯಿಂದ ಗುಣಿಸಿದಾಗ ಸ್ಥಿರ ವೆಚ್ಚ ತೀರಬೇಕು, ಒಂದು ಪೊಟ್ಟಣ ಕಡಿಮೆಯಾದರೆ ತೀರಬಾರದು. 864 × 22 = 19,008; ಅಂದರೆ 8 ರೂಪಾಯಿ ಹೆಚ್ಚು. 863 × 22 = 18,986; ಅಂದರೆ 14 ರೂಪಾಯಿ ಕೊರತೆ. ಈ 8 ಮತ್ತು 14ನ್ನು ಕೂಡಿದರೆ 22, ಒಂದು ಪೊಟ್ಟಣದ ವಂತಿಗೆಯೇ ಬರುತ್ತದೆ. ಹೀಗೆ ಬಂದರೆ ಭಾಗಾಕಾರ ಸರಿಯಾಗಿದೆ, ಅಂಕಿ ಏರಿಸಿದ್ದೂ ಸರಿಯಾಗಿದೆ.

ಆದರೆ ಈ ತಾಳೆಗೆ ಒಂದು ಮಿತಿ ಇದೆ. ಭಾಗಿಸಲು ಬಳಸಿದ ಅಂಕಿಯನ್ನೇ ಗುಣಿಸಲೂ ಬಳಸುವುದರಿಂದ, ಆ ಅಂಕಿಯೇ ತಪ್ಪಾಗಿದ್ದರೂ ತಾಳೆ ಸರಿಬಂದಂತೆ ಕಾಣುತ್ತದೆ. ವಂತಿಗೆಯ ಬದಲು ಬೆಲೆಯಿಂದಲೇ ಭಾಗಿಸುವುದು ಇಂಥ ಒಂದು ತಪ್ಪು. 19,000 ÷ 65 ಎಂದರೆ 293 ಪೊಟ್ಟಣ; 293 × 65 = 19,045. ಸ್ಥಿರ ವೆಚ್ಚ ತೀರಿದಂತೆಯೇ ತೋರುತ್ತದೆ. ರಾಗಿ, ಕವರು, ಕೂಲಿಯ ಹಣ ಎಲ್ಲಿಂದ ಬಂತು ಎಂಬುದನ್ನು ಈ ಲೆಕ್ಕ ಕೇಳುವುದೇ ಇಲ್ಲ. ಅದಕ್ಕಾಗಿ ಎರಡನೆಯ ತಾಳೆ ಅಗತ್ಯ.

ಎರಡನೆಯ ತಾಳೆ: ಪೂರ್ಣ ಆದಾಯ-ವೆಚ್ಚದ ಲೆಕ್ಕ

ಇಲ್ಲಿ ವಂತಿಗೆಯ ಅಂಕಿಯನ್ನು ಬಳಸದೆ, ಒಟ್ಟು ಮಾರಾಟದ ಹಣವನ್ನೂ ಒಟ್ಟು ವೆಚ್ಚವನ್ನೂ ಬೇರೆ ಬೇರೆಯಾಗಿ ಬರೆಯಬೇಕು. 864 ಪೊಟ್ಟಣಗಳಿಗೆ:

ಮಾರಾಟದ ಹಣ: 864 × 65 = 56,160 ರೂಪಾಯಿ
ಬದಲಾಗುವ ವೆಚ್ಚ: 864 × 43 = 37,152 ರೂಪಾಯಿ
ಸ್ಥಿರ ವೆಚ್ಚ: 19,000 ರೂಪಾಯಿ
ಒಟ್ಟು ವೆಚ್ಚ: 56,152 ರೂಪಾಯಿ
ಉಳಿಕೆ: 8 ರೂಪಾಯಿ

ಮೊದಲ ತಾಳೆಯಲ್ಲಿ ಬಂದ 8 ರೂಪಾಯಿಯೇ ಇಲ್ಲಿಯೂ ಬಂದಿದೆ. ಎರಡು ದಾರಿಗಳಿಂದ ಒಂದೇ ಉಳಿಕೆ ಬಂದರೆ ವಂತಿಗೆಯನ್ನು ಸರಿಯಾಗಿ ತೆಗೆಯಲಾಗಿದೆ ಎಂದರ್ಥ. 293 ಪೊಟ್ಟಣದ ಉತ್ತರವನ್ನು ಇದೇ ರೀತಿ ನೋಡಿದರೆ ಮಾರಾಟದ ಹಣ 19,045, ಒಟ್ಟು ವೆಚ್ಚ 31,599, ಅಂದರೆ 12,554 ರೂಪಾಯಿ ನಷ್ಟ. ತಪ್ಪು ಕೂಡಲೇ ಹೊರಬೀಳುತ್ತದೆ. ಉಳಿಕೆಯು ಸೊನ್ನೆಯಿಂದ ಒಂದು ಪೊಟ್ಟಣದ ವಂತಿಗೆಯೊಳಗೆ ಇರಬೇಕು. ಅದಕ್ಕಿಂತ ಹೆಚ್ಚಾದರೂ ಋಣವಾದರೂ ಉತ್ತರ ತಪ್ಪು.

ಮೂರನೆಯ ತಾಳೆ: ನಡೆದ ಒಂದು ತಿಂಗಳ ಲೆಕ್ಕಪುಸ್ತಕ

ಖರ್ಚನ್ನು ಸ್ಥಿರ ಮತ್ತು ಬದಲಾಗುವ ವೆಚ್ಚಗಳಾಗಿ ವಿಂಗಡಿಸುವಾಗಲೇ ತಪ್ಪಾಗಿದ್ದರೆ ಅದು ಕಾಗದದ ಲೆಕ್ಕದಲ್ಲಿ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅದನ್ನು ಹಿಡಿಯಲು ಈಗಾಗಲೇ ಮುಗಿದ ಒಂದು ತಿಂಗಳ ಲೆಕ್ಕಪುಸ್ತಕ ಬೇಕು. ಸಂಘವು ಕಳೆದ ತಿಂಗಳು 1,000 ಪೊಟ್ಟಣ ತಯಾರಿಸಿ, ಅಷ್ಟನ್ನೂ ಮಾರಿದೆ ಎನ್ನೋಣ. ಬಂದ ಹಣ 65,000 ರೂಪಾಯಿ, ಸವಕಳಿಯೂ ಸೇರಿ ಒಟ್ಟು ವೆಚ್ಚ 62,000 ರೂಪಾಯಿ, ಲಾಭ 3,000 ರೂಪಾಯಿ.

ಲೆಕ್ಕ ಬರೆಯುವವರು ಒಟ್ಟು ವೆಚ್ಚವನ್ನು 1,000ದಿಂದ ಭಾಗಿಸಿ, ಪೊಟ್ಟಣಕ್ಕೆ 62 ರೂಪಾಯಿ ಖರ್ಚು, 65ರಲ್ಲಿ ಉಳಿಯುವುದು 3 ರೂಪಾಯಿ, 19,000 ÷ 3 = 6,334 ಪೊಟ್ಟಣ ಎಂದು ಉತ್ತರ ಕೊಡಬಹುದು. ತಿಂಗಳಿಗೆ 1,200 ಪೊಟ್ಟಣ ಮಾತ್ರ ತಯಾರಿಸಬಲ್ಲ ಘಟಕಕ್ಕೆ 6,334 ಎಂದರೆ ಬಾಗಿಲು ಮುಚ್ಚುವ ಮಾತೇ ಸರಿ. ಮೊದಲ ತಾಳೆಯೂ ಇದನ್ನು ಒಪ್ಪಿಬಿಡುತ್ತದೆ: 6,334 × 3 = 19,002. ಪೊಟ್ಟಣಕ್ಕೆ 62 ರೂಪಾಯಿ ಎಂದೇ ಹಿಡಿದು ಎರಡನೆಯ ತಾಳೆ ನೋಡಿದರೂ ಅದೇ 2 ರೂಪಾಯಿ ಉಳಿಕೆ ಬರುತ್ತದೆ.

ಆದರೆ ಲೆಕ್ಕಪುಸ್ತಕ ಇದನ್ನು ಒಪ್ಪುವುದಿಲ್ಲ. 6,334ಕ್ಕಿಂತ ಕಡಿಮೆ ಮಾರಿದರೆ ನಷ್ಟ ಎನ್ನುವುದಾದರೆ 1,000 ಪೊಟ್ಟಣಕ್ಕೆ ದೊಡ್ಡ ನಷ್ಟವಾಗಬೇಕಿತ್ತು. ಪುಸ್ತಕದಲ್ಲಿರುವುದು 3,000 ರೂಪಾಯಿ ಲಾಭ. ಕಾರಣ ಸ್ಪಷ್ಟ. ಆ 62 ರೂಪಾಯಿಯೊಳಗೆ ಸ್ಥಿರ ವೆಚ್ಚದ 19 ರೂಪಾಯಿ ಪಾಲು ಆಗಲೇ ಸೇರಿದೆ. ಅದೇ ಸ್ಥಿರ ವೆಚ್ಚವನ್ನು ಮೇಲಿನ ಸಾಲಿನಲ್ಲಿ ಮತ್ತೊಮ್ಮೆ ಇಡಲಾಗಿದೆ. ಒಂದೇ ಬಾಡಿಗೆಯನ್ನು ಎರಡು ಬಾರಿ ಕೊಟ್ಟಂತಾಯಿತು. ಸರಿಯಾದ ಲೆಕ್ಕವು ಪುಸ್ತಕಕ್ಕೆ ಹೊಂದುತ್ತದೆ: 1,000 × 22 = 22,000; ಅದರಲ್ಲಿ 19,000 ಕಳೆದರೆ 3,000 ರೂಪಾಯಿ.

ಅವಧಿಯ ತಪ್ಪನ್ನೂ ಈ ತಾಳೆಯೇ ತೋರಿಸುತ್ತದೆ. ಸವಕಳಿಯನ್ನು ತಿಂಗಳಿಗೆ 3,000 ಎಂದು ಹಿಡಿಯುವ ಬದಲು ವರ್ಷದ 36,000 ರೂಪಾಯಿಯನ್ನೇ ಸೇರಿಸಿದರೆ ಸ್ಥಿರ ವೆಚ್ಚ 52,000 ಆಗಿ, ಉತ್ತರ 2,364 ಪೊಟ್ಟಣಕ್ಕೆ ಏರುತ್ತದೆ. ಈ ಲೆಕ್ಕದಂತೆ ಕಳೆದ ತಿಂಗಳು 30,000 ರೂಪಾಯಿ ನಷ್ಟವಾಗಬೇಕಿತ್ತು. ಹೀಗಾದಾಗ ಸ್ಥಿರ ವೆಚ್ಚದ ಪ್ರತಿಯೊಂದು ಬಾಬ್ತಿನ ಮುಂದೆ ಅದು ತಿಂಗಳದ್ದೋ ವರ್ಷದ್ದೋ ಎಂದು ಬರೆದು ನೋಡಬೇಕು.

ಯಾವುದಾದರೂ ಖರ್ಚು ಯಾವ ಗುಂಪಿಗೆ ಸೇರಿದ್ದೆಂಬ ಸಂದೇಹ ಬಂದರೆ ಒಂದೇ ಪ್ರಶ್ನೆ ಸಾಕು: ಈ ತಿಂಗಳು ಒಂದು ಪೊಟ್ಟಣವನ್ನೂ ತಯಾರಿಸದಿದ್ದರೆ ಈ ಹಣ ಕೊಡಬೇಕೇ? ಕೊಡಬೇಕಾದರೆ ಅದು ಸ್ಥಿರ ವೆಚ್ಚ. ವಿದ್ಯುತ್ ಬಿಲ್ಲಿನಲ್ಲಿ ಎರಡೂ ಇರುವುದರಿಂದ ನಿಗದಿತ ಶುಲ್ಕವನ್ನು ಸ್ಥಿರ ವೆಚ್ಚಕ್ಕೂ ಬಳಕೆಯ ಶುಲ್ಕವನ್ನು ಬದಲಾಗುವ ವೆಚ್ಚಕ್ಕೂ ಹಂಚಬೇಕು. ಕೂಲಿಯೂ ಹಾಗೆಯೇ: ತಿಂಗಳ ಸಂಬಳ ಸ್ಥಿರ, ಪೊಟ್ಟಣದ ಲೆಕ್ಕದ ಕೂಲಿ ಬದಲಾಗುವಂಥದ್ದು.

ಸರಿಯಾದ ಉತ್ತರಕ್ಕೂ ಇರುವ ಮಿತಿ

864 ಎಂಬುದು ಮಾರಾಟವಾಗಿ ಹಣ ಕೈಸೇರಿದ ಪೊಟ್ಟಣಗಳ ಸಂಖ್ಯೆಯೇ ಹೊರತು ತಯಾರಾದವುಗಳ ಸಂಖ್ಯೆಯಲ್ಲ. ಅಂಗಡಿಯಿಂದ ಹಿಂದಿರುಗಿದ, ಹುಳು ಬಿದ್ದ ಪೊಟ್ಟಣಗಳನ್ನು ಇದರಲ್ಲಿ ಎಣಿಸುವಂತಿಲ್ಲ. ಅಂಥ ಒಂದೊಂದು ಪೊಟ್ಟಣವೂ ವಂತಿಗೆ ಕೊಡದಿರುವುದಷ್ಟೇ ಅಲ್ಲ, ಅದಕ್ಕೆ ಹಾಕಿದ ರಾಗಿ, ಕವರು, ಕೂಲಿಯ ಹಣವನ್ನೂ ಕಳೆಯುತ್ತದೆ.

ಅಲ್ಲದೆ, ದರಗಳು ಬದಲಾದ ದಿನವೇ ಉತ್ತರ ಹಳತಾಗುತ್ತದೆ. ರಾಗಿಯ ದರ ಕಿಲೋಗೆ 40ರಿಂದ 45 ರೂಪಾಯಿಗೆ ಏರಿದರೆ ಪೊಟ್ಟಣದ ರಾಗಿಯ ಖರ್ಚು 24ರಿಂದ 27 ರೂಪಾಯಿಯಾಗುತ್ತದೆ. ಹಿಟ್ಟಿನ ಬೆಲೆಯನ್ನು ಏರಿಸದಿದ್ದರೆ ವಂತಿಗೆ 19 ರೂಪಾಯಿಗೆ ಇಳಿಯುತ್ತದೆ. 19,000 ÷ 19 = 1,000. ಕಳೆದ ತಿಂಗಳು 3,000 ರೂಪಾಯಿ ಲಾಭ ತಂದ ಅದೇ 1,000 ಪೊಟ್ಟಣ ಈಗ ಖರ್ಚನ್ನು ಸರಿದೂಗಿಸುವುದಕ್ಕಷ್ಟೇ ಸಾಕಾಗುತ್ತದೆ. ತಿಂಗಳಿಗೆ 1,200 ಪೊಟ್ಟಣದ ಸಾಮರ್ಥ್ಯವಿರುವ ಘಟಕದಲ್ಲಿ ಲಾಭಕ್ಕೆ ಉಳಿಯುವುದು ಕೊನೆಯ 200 ಪೊಟ್ಟಣ ಮಾತ್ರ. ಆದ್ದರಿಂದ ರಾಗಿ ಖರೀದಿಸುವ ಪ್ರತಿ ಬಾರಿಯೂ ಹೊಸ ದರದಲ್ಲಿ ವಂತಿಗೆಯನ್ನು ತೆಗೆದು, ಮೇಲಿನ ಮೂರು ತಾಳೆಗಳನ್ನು ನೋಡಿದ ನಂತರವೇ ಪೊಟ್ಟಣದ ಬೆಲೆಯನ್ನು ನಿರ್ಧರಿಸುವುದು ಸೂಕ್ತ.