ಜಾತ್ರೆಯ ಐಸ್‌ಕ್ರೀಮ್ ಪೆಟ್ಟಿಗೆ

ಬನದ ಹುಣ್ಣಿಮೆಗೆ ತೇರೆಳೆದ ಮೇಲೂ ಬಾದಾಮಿ ಹತ್ತಿರದ ಬನಶಂಕರಿಯಲ್ಲಿ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ನಾಟಕ ಬಿಟ್ಟ ಜನ ಐಸ್‌ಕ್ರೀಮ್ ಅಂಗಡಿಗೆ ಮುತ್ತಿದರೆ ಡೀಪ್ ಫ್ರೀಜರಿನ ಮುಚ್ಚಳಕ್ಕೆ ಪುರುಸೊತ್ತೇ ಇರುವುದಿಲ್ಲ. ಆದರೂ ತಳದಿಂದ ತೆಗೆದ ಐಸ್‌ಕ್ರೀಮ್ ಕಪ್ ಕಲ್ಲಿನಂತೆ ಗಟ್ಟಿ. ಇಷ್ಟು ಸಲ ತೆರೆದರೂ ಪೆಟ್ಟಿಗೆ −18 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದು ಹೇಗೆ?

ಮೊದಲನೆಯದು, ಬಾಗಿಲು ಮೇಲಿರುವುದು. ತಣ್ಣನೆಯ ಗಾಳಿ ಭಾರ. ಹಂಡೆಯೊಳಗಿನ ನೀರಿನ ಹಾಗೆ ತಳದಲ್ಲೇ ಕೂತಿರುತ್ತದೆ. ಎದುರಿಗೆ ಬಾಗಿಲಿರುವ ಫ್ರಿಜ್ಜಿನಲ್ಲಾದರೆ ಅದು ಕಾಲ ಮೇಲೆ ಸುರಿದು ಹೋಗುತ್ತದೆ.

ಇನ್ನೊಂದು ಸಂಗತಿ ನನಗೆ ಇನ್ನೂ ಸೊಗಸೆನಿಸುತ್ತದೆ. ಪೆಟ್ಟಿಗೆಯಲ್ಲಿ 80 ಕಿಲೋ ಐಸ್‌ಕ್ರೀಮ್ ಇದೆ, ಉಳಿದ ಜಾಗದಲ್ಲಿ 150 ಲೀಟರ್ ಗಾಳಿ ಇದೆ ಎನ್ನೋಣ. ಆ ಗಾಳಿಯ ತೂಕ ಸುಮಾರು 200 ಗ್ರಾಮ್ ಅಷ್ಟೇ. ಅದಷ್ಟೂ ಹೋಗಿ ಹೊರಗಿನ ಬಿಸಿ ಗಾಳಿ ತುಂಬಿಕೊಂಡರೂ, ಅದರ ಶಾಖ 80 ಕಿಲೋದಲ್ಲಿ ಹಂಚಿಹೋದರೆ ಡಿಗ್ರಿಯ ಹತ್ತನೇ ಒಂದು ಭಾಗದಷ್ಟೂ ಏರದು. ತಂಪನ್ನು ಹಿಡಿದಿಡುವುದು ಗಾಳಿಯಲ್ಲ, ಸರಕೇ. ಅರ್ಧ ಖಾಲಿಯಾದ ಪೆಟ್ಟಿಗೆ ಬೇಗ ಬಿಸಿಯಾಗುವುದು ಇದಕ್ಕೇ.

ಹಾಗಾದರೆ ಕೆಡುವುದೆಲ್ಲಿ? ಹೊಸ ಮಾಲು ತುಂಬುವಾಗ. ದಾರಿಯಲ್ಲಿ −10ಕ್ಕೆ ಏರಿದ 20 ಕಿಲೋ ಮಾಲನ್ನು ಮತ್ತೆ −18ಕ್ಕೆ ಇಳಿಸಲು ತೆಗೆಯಬೇಕಾದ ಶಾಖ, ಹೆಚ್ಚುಕಡಿಮೆ ಐವತ್ತು ಸಲ ಮುಚ್ಚಳ ತೆರೆದಾಗ ಒಳಬರುವಷ್ಟು. ಡೀಪ್ ಫ್ರೀಜರ್ ಇರುವ ತಂಪನ್ನು ಕಾಯುತ್ತದೆ; ಬಿಸಿಯಾದದ್ದನ್ನು ತಣಿಸಲು ಹೆಣಗುತ್ತದೆ. ಅದಕ್ಕೇ ಹೊಸ ಮಾಲನ್ನು ವ್ಯಾಪಾರ ಮುಗಿದ ರಾತ್ರಿ, ತಂಪಿನ ಕಾಯಿಲ್ ಸುತ್ತಿರುವ ಒಳಗೋಡೆಗೆ ತಾಗಿಸಿ ಇಡಬೇಕು. ಗೋಡೆಯ ಮೇಲೆ ಗುರುತು ಮಾಡಿದ ಗೆರೆ ದಾಟಿ ಪೇರಿಸಬಾರದು. ಮುಚ್ಚಳದ ಬಿಸಿ ಮೊದಲು ತಟ್ಟುವುದು ಮೇಲಿನ ಸಾಲಿಗೇ.

"ಅಕ್ಕಾರ, ಮುಚ್ಚಳಾ ತೆರೀಬ್ಯಾಡ್ರಿ, ಕಾಜಿನ್ಯಾಗಿಂದನ ನೋಡಿ ಹೇಳ್ರಿ," ಎನ್ನುವ ಅಂಗಡಿಯವರು ಗಾಳಿಗಷ್ಟೇ ಅಂಜುವುದಿಲ್ಲ. ಗಾಳಿಯ ಜೊತೆ ಬಂದ ತೇವ ಒಳಗೋಡೆಗೆ ಹಿಮವಾಗಿ ಅಂಟುತ್ತದೆ. ಅದು ಅರ್ಧ ಸೆಂಟಿಮೀಟರ್ ದಪ್ಪವಾದರೆ ಕಾಯಿಲ್‌ನ ತಂಪು ಸರಕಿಗೆ ಸರಿಯಾಗಿ ತಲುಪದು. ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಬೇಕು. ಚಾಕು ಬೇಡವೇ ಬೇಡ. ಕಾಯಿಲ್‌ಗೆ ತೂತಾದರೆ ಗ್ಯಾಸು ಹೋಗಿ ಪೆಟ್ಟಿಗೆ ಕೆಟ್ಟಂತೆಯೇ.

ತಾಪ ಏರಿಳಿದದ್ದನ್ನು ಕಪ್ಪೇ ಹೇಳುತ್ತದೆ. ಐಸ್‌ಕ್ರೀಮ್ ಅಂಚು ಬಿಟ್ಟು ಕುಗ್ಗಿರುತ್ತದೆ, ಮುಚ್ಚಳದ ಒಳಗೆ ಮಂಜಿನ ಮುಳ್ಳುಗಳು, ನಾಲಿಗೆಗೆ ಮರಳು ಸಿಕ್ಕಂತಾಗುತ್ತದೆ. ಸಣ್ಣ ಹರಳುಗಳು ಕರಗಿ, ಆ ನೀರು ದೊಡ್ಡ ಹರಳುಗಳ ಮೇಲೆ ಹೆಪ್ಪುಗಟ್ಟಿದ ಗುರುತದು. ಮತ್ತೆಷ್ಟು ತಣಿಸಿದರೂ ಮೊದಲಿನ ನುಣುಪು ಬರದು.

ಕರೆಂಟ್ ಹೋದಾಗ ಮುಚ್ಚಳ ಮುಟ್ಟದಿರುವುದೇ ಉಪಾಯ. ಕರೆಂಟ್ ಇದ್ದಾಗ ಅನೇಕ ಪೆಟ್ಟಿಗೆಗಳ ಹೊರಗೋಡೆ ಕೈಗೆ ಬೆಚ್ಚಗೆ ಹತ್ತುತ್ತದೆ, ಅದಕ್ಕೆ ಗಾಬರಿ ಬೇಡ: ಒಳಗಿನ ಶಾಖವನ್ನು ಹೊರಹಾಕುವ ಕೊಳವೆಗಳು ಆ ತಗಡಿನ ಹಿಂದೆಯೇ ಇವೆ. ಯಂತ್ರ ಓಡುವಾಗ ಅದಕ್ಕೆ ಗೋಣಿಚೀಲ ಹೊದಿಸಬಾರದು, ಗೋಡೆಗೆ ಒತ್ತಿಡಲೂಬಾರದು. ಸುತ್ತ ಗೇಣುದ್ದ ಗಾಳಿ ಆಡುವಷ್ಟು ಜಾಗ ಬಿಟ್ಟರೆ ಸಾಕು.