ಊರಿನ ಮನೆಗೆ ಪರದೇಶದ ಹಣ: ಕಂತೋ, ಇಡಿಗಂಟೋ?

ಉಡುಪಿಯಲ್ಲಿ ನಮ್ಮ ನೆರೆಯ ಒಂದು ಮನೆಯ ಕೆಂಪುಕಲ್ಲಿನ ಗೋಡೆಗಳು 2013 ಮತ್ತು 2014ರ ಎರಡು ಮಳೆಗಾಲಗಳನ್ನು ತಾರಸಿಯಿಲ್ಲದೆಯೇ ಕಳೆದುವು. ಮನೆಯ ಯಜಮಾನರು ದುಬಾಯಿಯಲ್ಲಿ ಉದ್ಯೋಗದಲ್ಲಿದ್ದರು. ಹಣಕ್ಕೆ ಕೊರತೆಯಿರಲಿಲ್ಲ, ಎರಡು ಲಕ್ಷ ದಿರ್ಹಮು ಅಲ್ಲಿಯ ಬ್ಯಾಂಕಿನಲ್ಲಿತ್ತು. ಅದನ್ನು ಯಾವಾಗ ರೂಪಾಯಿಗೆ ಪರಿವರ್ತಿಸಬೇಕೆಂಬ ಒಂದು ಪ್ರಶ್ನೆಯೇ ಕೆಲಸವನ್ನು ತಡೆದು ನಿಲ್ಲಿಸಿತ್ತು.

ದಿರ್ಹಮಿನ ಬೆಲೆಯು 1997ರಿಂದ ಒಂದು ಡಾಲರಿಗೆ 3.6725ರಂತೆ ಕಟ್ಟಿಹಾಕಲ್ಪಟ್ಟಿದೆ. ಆದಕಾರಣ ಡಾಲರು ಏರಿದರೆ ಅದೂ ಏರುವುದು, ಇಳಿದರೆ ಇಳಿಯುವುದು. 2013ರ ಮೇ ತಿಂಗಳ ನಡುವೆ ಒಂದು ದಿರ್ಹಮಿಗೆ ಸುಮಾರು 15 ರೂಪಾಯಿ ದೊರೆಯುತ್ತಿತ್ತು. ಅಮೆರಿಕದ ಕೇಂದ್ರ ಬ್ಯಾಂಕು ತಾನು ಮಾಡುತ್ತಿದ್ದ ಸಾಲಪತ್ರಗಳ ಖರೀದಿಯನ್ನು ಕುಗ್ಗಿಸುವೆನೆಂದು ಆ ತಿಂಗಳಲ್ಲಿ ಸೂಚಿಸಿದೊಡನೆ ಪರದೇಶದ ಬಂಡವಾಳವು ನಮ್ಮಲ್ಲಿಂದ ಹೊರಡತೊಡಗಿತು. ಜುಲೈ ನಡುವೆ ದರವು 16 ರೂಪಾಯಿ 25 ಪೈಸೆಯಾಯಿತು. ಆಗಸ್ಟ್ ಕೊನೆಯಲ್ಲಿ 18 ರೂಪಾಯಿ 70 ಪೈಸೆಯನ್ನು ಮುಟ್ಟಿತು. "ಇನ್ನೇನು, ಇಪ್ಪತ್ತಾಗುತ್ತದೆ" ಎಂದು ನಮ್ಮ ಮಿತ್ರರು ಕಾದರು. ಅಕ್ಟೋಬರ್ ಕೊನೆಗೆ ಅದು 16 ರೂಪಾಯಿ 75 ಪೈಸೆಗೆ ಇಳಿದಿತ್ತು. ಒಮ್ಮೆ ಕಂಡ ಬೆಲೆಯನ್ನು ಮರೆಯುವುದು ಮನುಷ್ಯನಿಗೆ ಎಷ್ಟು ಕಷ್ಟ! 18 ರೂಪಾಯಿ 70 ಪೈಸೆ ಮತ್ತೆ ಬರಲೆಂದು ಅವರು ಪುನಃ ಕಾದರು. ಅದು ಬಂದುದು 2016ರಲ್ಲಿ.

ಈಗ ಲೆಕ್ಕವನ್ನು ನೋಡೋಣ. ಎರಡು ಲಕ್ಷವನ್ನೂ ಮೇ ತಿಂಗಳಲ್ಲಿ ಇಡಿಗಂಟಾಗಿ ಕಳುಹಿಸಿದ್ದರೆ 30 ಲಕ್ಷ ರೂಪಾಯಿ ಬರುತ್ತಿತ್ತು. ಆಗಸ್ಟಿನ ಆ ಒಂದು ದಿನ ಕಳುಹಿಸಿದ್ದರೆ 37 ಲಕ್ಷ 40 ಸಾವಿರ. ಮೇಲೆ ಹೇಳಿದ ನಾಲ್ಕು ಸಮಯಗಳಲ್ಲಿ ಐವತ್ತೈವತ್ತು ಸಾವಿರ ದಿರ್ಹಮುಗಳಂತೆ ಕಳುಹಿಸಿದ್ದರೆ 33 ಲಕ್ಷ 35 ಸಾವಿರ. ಕಂತಿನಲ್ಲಿ ಯಾವ ಮಾಯೆಯೂ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು. ಅದು ನಾಲ್ಕು ದರಗಳ ಸರಾಸರಿಯನ್ನು ಕೊಡುವುದೇ ಹೊರತು ಅದಕ್ಕಿಂತ ಒಂದು ಕಾಸನ್ನೂ ಹೆಚ್ಚಾಗಿ ಕೊಡುವುದಿಲ್ಲ. ಅತಿ ಕೆಟ್ಟ ದಿನದಲ್ಲಿ ಎಲ್ಲವನ್ನೂ ಮಾರಿಬಿಡುವ ಭಯವನ್ನು ಮಾತ್ರ ಅದು ಕಳೆಯುತ್ತದೆ. ರೂಪಾಯಿ ಸದಾ ಇಳಿಯುತ್ತಲೇ ಇರುವುದೆಂದು ನಂಬುವವರು 2002ರಿಂದ 2007ರ ಕೊನೆಯವರೆಗಿನ ಕಾಲವನ್ನು ನೆನೆಯಬೇಕು. ಆಗ ಡಾಲರು ಸುಮಾರು 49 ರೂಪಾಯಿಯಿಂದ 39ರ ಆಸುಪಾಸಿಗೆ ಇಳಿದಿತ್ತು. ಕಾದವರಿಗೆ ಕಾದುದೇ ನಷ್ಟವಾಯಿತು.

ಕಾಯುವುದಕ್ಕೂ ಒಂದು ಬೆಲೆಯುಂಟು, ಅದನ್ನು ಅಳೆಯಬಹುದು. ಅನಿವಾಸಿಗಳ ರೂಪಾಯಿ ಠೇವಣಿಗೆ, ಅಂದರೆ ಎನ್‌ಆರ್‌ಇ ಠೇವಣಿಗೆ, ವರ್ಷಕ್ಕೆ ನೂರಕ್ಕೆ 7ರಂತೆಯೂ ದಿರ್ಹಮಿಗೆ ಅಲ್ಲಿ 2ರಂತೆಯೂ ಬಡ್ಡಿಯಿದೆಯೆಂದು ಭಾವಿಸೋಣ. ಇಂದು ಕಳುಹಿಸಿದ 15 ರೂಪಾಯಿ ವರ್ಷದ ಕೊನೆಗೆ 16 ರೂಪಾಯಿ 5 ಪೈಸೆಯಾಗುತ್ತದೆ. ಆದುದರಿಂದ ಕಾದವನಿಗೆ ನಷ್ಟವಾಗದಿರಬೇಕಾದರೆ ದರವು ಆಗ ಸುಮಾರು 15 ರೂಪಾಯಿ 75 ಪೈಸೆಯಾದರೂ ಆಗಿರಬೇಕು. ದರವು 15ರಿಂದ 15 ರೂಪಾಯಿ 50 ಪೈಸೆಗೆ ಏರಿತೆಂದು ಹಿಗ್ಗುವವನು ನಿಜವಾಗಿ ಸೋತಿರುತ್ತಾನೆ.

ಕಳುಹಿಸುವ ಖರ್ಚಿನ ವಿಷಯದಲ್ಲಿ ಒಂದೇ ಮಾತು. ಪ್ರತಿ ಸಲದ ಶುಲ್ಕವು ಸಾಮಾನ್ಯವಾಗಿ ಅಲ್ಪ. ನಾಲ್ಕಾರು ಕಂತುಗಳಿಗೆ ಅದು ಭಾರವಲ್ಲ. ನಿಜವಾದ ಖರ್ಚು ದರದೊಳಗೆ ಅಡಗಿರುತ್ತದೆ. 50 ಸಾವಿರ ದಿರ್ಹಮಿಗೆ ದರದಲ್ಲಿ ಹತ್ತು ಪೈಸೆ ಕಡಿಮೆಯಾದರೆ 5 ಸಾವಿರ ರೂಪಾಯಿ ಹೋಯಿತು. "ಶುಲ್ಕವೆಷ್ಟು?" ಎಂದು ಕೇಳುವುದಕ್ಕಿಂತ "ಊರಿನ ಖಾತೆಗೆ ಬಂದು ಬೀಳುವ ರೂಪಾಯಿ ಎಷ್ಟು?" ಎಂದು ಎರಡು ಮೂರು ಕಡೆ ಕೇಳುವುದು ಲೇಸು.

ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆಯನ್ನು ತೀರ್ಮಾನಿಸಬೇಕಾದುದು ವಿನಿಮಯದ ಪೇಟೆಯಲ್ಲ, ಮೇಸ್ತ್ರಿಯ ಪಟ್ಟಿ. ಪಾಯ, ಗೋಡೆ, ತಾರಸಿ, ಗಿಲಾವು ಎಂದು ಅವನು ಹಣ ಕೇಳುವುದು ರೂಪಾಯಿಯಲ್ಲಿ, ಗೊತ್ತಾದ ತಿಂಗಳುಗಳಲ್ಲಿ. ಮುಂದಿನ ಒಂದು ವರ್ಷದೊಳಗೆ ತೆರಬೇಕಾದ ಮೊತ್ತವು ಈಗಲೇ ರೂಪಾಯಿಯಾಗಿ ಊರಿನಲ್ಲಿರತಕ್ಕದ್ದು. ಎನ್‌ಆರ್‌ಇ ಠೇವಣಿಯನ್ನು ಒಂದು ವರ್ಷ ತುಂಬುವ ಮೊದಲೇ ಮುರಿದರೆ ಬಡ್ಡಿ ದೊರೆಯದು; ಆದಕಾರಣ ಆರು ತಿಂಗಳಲ್ಲಿ ಬೇಕಾಗುವ ಹಣವು ಉಳಿತಾಯದ ಖಾತೆಯಲ್ಲಿಯೇ ಇರಲಿ. ಅದರಾಚೆಯ ಹಣವನ್ನು ತಿಂಗಳಿಗೋ ಮೂರು ತಿಂಗಳಿಗೋ ಒಂದು ಕಂತಿನಂತೆ, ದರವನ್ನು ನೋಡದೆ, ಗೊತ್ತಾದ ತಾರೀಖಿನಲ್ಲಿ ಕಳುಹಿಸಬಹುದು.

ನಮ್ಮ ಮಿತ್ರರು ಕೊನೆಗೆ 2015ರ ಆರಂಭದಲ್ಲಿ ಎಲ್ಲವನ್ನೂ ಸುಮಾರು 17 ರೂಪಾಯಿಯ ದರದಲ್ಲಿ ಕಳುಹಿಸಿದರು. 34 ಲಕ್ಷ ಬಂದಿತು. ಕಂತಿನ ಲೆಕ್ಕಕ್ಕಿಂತ 65 ಸಾವಿರ ಹೆಚ್ಚು. ಅಷ್ಟರಲ್ಲಿ ಗೋಡೆಯಿಂದ ಹೊರಚಾಚಿದ್ದ ಕಬ್ಬಿಣದ ಸರಳುಗಳು ತುಕ್ಕು ಹಿಡಿದಿದ್ದುವು, ಬಾಗಿಲ ಚೌಕಟ್ಟುಗಳು ಉಬ್ಬಿದ್ದುವು, ಹಳೆಯ ಮೇಸ್ತ್ರಿ ಬೇರೆ ಕೆಲಸ ಹಿಡಿದಿದ್ದನು. ಹೊಸಬನು ಕೊಟ್ಟ ಅಂದಾಜು ಹಳೆಯದಕ್ಕಿಂತ 4 ಲಕ್ಷ ಹೆಚ್ಚಾಗಿತ್ತು. "ತಾರಸಿ ಯಾವಾಗ, ಮಗಾ?" ಎಂದು ಪ್ರತಿ ಭಾನುವಾರ ದೂರವಾಣಿಯಲ್ಲಿ ಕೇಳುತ್ತಿದ್ದ ಅವರ ತಾಯಿಯವರು ಗೃಹಪ್ರವೇಶದ ದಿನ ಮೆಟ್ಟಿಲು ಹತ್ತಲಾರದೆ ಕೆಳಗಿನ ಜಗಲಿಯಲ್ಲಿಯೇ ಕುಳಿತಿದ್ದರು.