ಅಸಲು ಕೈಗೆ ಬಂದಿತು, ಲಾಭ ಬಂದಿತೇ?

ಪುಟ್ಟ ಊರೊಂದರಲ್ಲಿ ಹಿಟ್ಟಿನ ಗಿರಣಿ ನಡೆಸುವವರೊಬ್ಬರು ಖಾರದ ಪುಡಿ, ಸಾಂಬಾರ ಪುಡಿ ಮಾಡಿಕೊಡಲು ಇನ್ನೊಂದು ಯಂತ್ರ ಹಾಕಬೇಕೆಂದಿದ್ದಾರೆ ಎಂದಿಟ್ಟುಕೊಳ್ಳೋಣ. ಮೋಟಾರು, ವೈರಿಂಗ್ ಎಲ್ಲ ಸೇರಿ ಬಳಸಿದ ಯಂತ್ರಕ್ಕೆ 3 ಲಕ್ಷ ರೂಪಾಯಿ. ಕರೆಂಟು, ಆಳಿನ ಕೂಲಿ, ಬೆಲ್ಟು–ಜರಡಿಯ ಖರ್ಚು ಕಳೆದು ವರ್ಷಕ್ಕೆ 1 ಲಕ್ಷ ಉಳಿಯುತ್ತದೆ. ಯಂತ್ರ ಬಾಳುವುದು ನಾಲ್ಕು ವರ್ಷ.

ಗಿರಣಿಯವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ: ಮೂರು ವರ್ಷಕ್ಕೆ ಅಸಲು ವಾಪಸು, ನಾಲ್ಕನೆಯ ವರ್ಷದ ಲಕ್ಷ ರೂಪಾಯಿ ಪೂರಾ ಲಾಭ, ಮಗಳ ಕಾಲೇಜು ಫೀಜಿಗೆ ಆಯಿತು. ಬಿ.ಕಾಂ. ಪುಸ್ತಕದಲ್ಲಿ ಇದಕ್ಕೇ ಪೇಬ್ಯಾಕ್ ಅವಧಿ ಎಂದು ಹೆಸರು. ಹಾಕಿದ ಬಂಡವಾಳವನ್ನು ವರ್ಷದ ಉಳಿತಾಯದಿಂದ ಭಾಗಿಸಿದರೆ ಮುಗಿಯಿತು. ಓದು ಬರಹ ಹೆಚ್ಚು ಬಾರದ ವ್ಯಾಪಾರಿಗೂ ಇದು ತಿಳಿದ ಲೆಕ್ಕ, ಮತ್ತು ಇದನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಕೈಯಲ್ಲಿರುವ ಹಣವೇ ಕಡಿಮೆ ಇರುವವನಿಗೆ ಅದು ಎಷ್ಟು ದಿನ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಮೊದಲ ಪ್ರಶ್ನೆಯೇ ಹೌದು.

ಆದರೆ ಈ ಲೆಕ್ಕ ಒಂದು ಮಾತನ್ನು ಮರೆಯುತ್ತದೆ. ಮೂರು ವರ್ಷದ ಮೇಲೆ ಬರುವ ಲಕ್ಷ ರೂಪಾಯಿ ಇಂದಿನ ಲಕ್ಷ ರೂಪಾಯಿಗೆ ಸಮವಲ್ಲ, ಏಕೆಂದರೆ ನಡುವಿನ ದಿನಗಳಿಗೆ ಬಡ್ಡಿ ಇದೆ. ಬಡ್ಡಿ ಶೇಕಡಾ 12 ಎಂದು ಹಿಡಿದರೆ, ವರ್ಷದ ಕೊನೆಗೆ ಬರುವ ಒಂದು ಲಕ್ಷದ ಇಂದಿನ ಬೆಲೆ 1,00,000 ಭಾಗಿಸು 1.12, ಅಂದರೆ ಸುಮಾರು 89,300 ರೂಪಾಯಿ. ಎರಡನೆಯ ವರ್ಷದ ಲಕ್ಷವನ್ನು 1.12ರಿಂದ ಎರಡು ಸಲ ಭಾಗಿಸಬೇಕು: 79,700. ಮೂರನೆಯದು 71,200, ನಾಲ್ಕನೆಯದು 63,600. ಮೊದಲ ಮೂರನ್ನು ಕೂಡಿದರೆ 2,40,200 ಮಾತ್ರ. ಬಾಕಿ 59,800 ತುಂಬಲು ನಾಲ್ಕನೆಯ ವರ್ಷದ ಹನ್ನೊಂದು ತಿಂಗಳು ಬೇಕು. ಇದು ಡಿಸ್ಕೌಂಟೆಡ್ ಪೇಬ್ಯಾಕ್. ನಾಲ್ಕನೆಯ ವರ್ಷದ ‘ಪೂರಾ ಲಾಭ’ ಇಂದಿನ ಬೆಲೆಯಲ್ಲಿ 3,800 ರೂಪಾಯಿಗೆ ಇಳಿಯಿತು. ಯಂತ್ರ ಎರಡು ತಿಂಗಳು ಮೊದಲೇ ಕೆಟ್ಟು ಕುಳಿತರೆ ಅದೂ ಇಲ್ಲ.

ಹಾಗಾದರೆ ಎರಡನೆಯ ಲೆಕ್ಕವನ್ನು ನಂಬಿದರೆ ಸಾಕೇ? ಸಾಲದು. ಅದೇ ಕೆಲಸ ಮಾಡುವ ಹೊಸ ಯಂತ್ರಕ್ಕೆ 4 ಲಕ್ಷ, ಉಳಿತಾಯ ವರ್ಷಕ್ಕೆ ಅದೇ 1 ಲಕ್ಷ, ಬಾಳಿಕೆ ಎಂಟು ವರ್ಷ ಎನ್ನಿ. ಇದರ ಅಸಲು ಬರಲು ಮೊದಲ ಲೆಕ್ಕದಲ್ಲಿ ನಾಲ್ಕು ವರ್ಷ, ಬಡ್ಡಿ ಕಳೆದರೆ ಸುಮಾರು ಐದೂಮುಕ್ಕಾಲು ವರ್ಷ. ಎರಡೂ ಲೆಕ್ಕಗಳು ಹಳೆಯ ಯಂತ್ರವನ್ನೇ ಕೊಳ್ಳು ಎನ್ನುತ್ತವೆ. ಆದರೆ ಎಂಟು ವರ್ಷದ ಉಳಿತಾಯದ ಇಂದಿನ ಬೆಲೆ ಸುಮಾರು 4,96,800. ಹಾಕಿದ 4 ಲಕ್ಷ ಕಳೆದರೆ 96,800 ಕೈಯಲ್ಲಿ. ಹಳೆಯದು ನಾಲ್ಕೇ ವರ್ಷ ಬಾಳುವುದರಿಂದ ಹೋಲಿಕೆ ಅನ್ಯಾಯ ಎನ್ನುವವರು, ಅದು ಸವೆದ ಮೇಲೆ ಅದೇ ಬೆಲೆಗೆ ಅಂಥದೇ ಇನ್ನೊಂದು ಕೊಂಡಂತೆ ಎಣಿಸಲಿ. ಎರಡನೆಯದರ 3,800 ನಾಲ್ಕು ವರ್ಷದಾಚೆಯದು, ಇಂದಿಗೆ ಅದು ಸುಮಾರು 2,400. ಎರಡೂ ಸೇರಿ 6,200 ರೂಪಾಯಿಯೇ ಆಯಿತು. ಅಸಲು ಬಂದ ದಿನದಾಚೆಗೆ ಏನಾಗುತ್ತದೆ ಎಂಬುದನ್ನು ಈ ಎರಡು ಲೆಕ್ಕಗಳೂ ನೋಡುವುದೇ ಇಲ್ಲ. ಬಡ್ಡಿ ಸೇರಿಸಿದರೂ ಆ ಕುರುಡು ಹೋಗುವುದಿಲ್ಲ.

ಹೊಸದರಲ್ಲೂ ಅಪಾಯವಿಲ್ಲದಿಲ್ಲ. ಆರನೆಯ, ಏಳನೆಯ ವರ್ಷದ ಗಿರಾಕಿ ಇಂದಿನ ಊಹೆ. ಎದುರಿಗೇ ಇನ್ನೊಂದು ಗಿರಣಿ ಬಂದು ಉಳಿತಾಯ ಐದು ವರ್ಷಕ್ಕೇ ನಿಂತರೆ ಹೊಸ ಯಂತ್ರ ಸುಮಾರು 39,500 ರೂಪಾಯಿ ನಷ್ಟ ತರುತ್ತದೆ. ಆದ್ದರಿಂದ ಡಿಸ್ಕೌಂಟೆಡ್ ಪೇಬ್ಯಾಕನ್ನು ಯಂತ್ರ ಆರಿಸಲು ಬಳಸುವುದಕ್ಕಿಂತ, ವ್ಯಾಪಾರ ಕನಿಷ್ಠ ಎಷ್ಟು ವರ್ಷ ನಡೆಯಲೇಬೇಕು ಎಂದು ತಿಳಿಯಲು ಬಳಸುವುದು ಮೇಲು.

ಸಣ್ಣ ವ್ಯಾಪಾರಿ ನಿಜವಾಗಿ ಸಿಕ್ಕಿಬೀಳುವುದು ಬ್ಯಾಂಕಿನ ಕಂತಿನಲ್ಲಿ. ಅಸಲು ಮೂರು ವರ್ಷಕ್ಕೆ ಬರುತ್ತದಲ್ಲ ಎಂದು ಹಳೆಯ ಯಂತ್ರದ 3 ಲಕ್ಷವನ್ನೂ ಶೇಕಡಾ 12ರ ಬಡ್ಡಿಗೆ ಮೂರೇ ವರ್ಷದ ಅವಧಿಗೆ ಸಾಲ ಪಡೆದರೆ ತಿಂಗಳ ಕಂತು ಸುಮಾರು 9,965 ರೂಪಾಯಿ. ಯಂತ್ರ ತಿಂಗಳಿಗೆ ಕೊಡುವುದು ಸರಾಸರಿ 8,333. ಪ್ರತಿ ತಿಂಗಳೂ ಸಾವಿರದ ಆರುನೂರಕ್ಕೂ ಹೆಚ್ಚು ಹಣ ಹಿಟ್ಟಿನ ಗಿರಣಿಯ ಗಲ್ಲದಿಂದ ಹೋಗಬೇಕು, ಅಂದರೆ ಮನೆಯ ಖರ್ಚಿನಿಂದ. ನಾಲ್ಕು ವರ್ಷದ ಅವಧಿಯಾದರೆ ಕಂತು 7,900ಕ್ಕೆ ಇಳಿದು ಬದುಕಿಕೊಳ್ಳಬಹುದು. ಆದರೂ ಬೇಸಗೆಯಲ್ಲಿ ಮೆಣಸಿನಕಾಯಿ ಒಣಗಿಸಿ ಪುಡಿ ಮಾಡಿಸುವವರ ಸಾಲು ಮಳೆಗಾಲದಲ್ಲಿ ಇರುವುದಿಲ್ಲ, ಕಂತಿನ ತಾರೀಖು ಮಾತ್ರ ಆಗಲೂ ಬರುತ್ತದೆ. ಬೇಸಗೆಯ ಗಲ್ಲದಿಂದ ಎರಡು ಮೂರು ಕಂತು ಎತ್ತಿಟ್ಟುಕೊಳ್ಳದಿದ್ದರೆ ನಾಲ್ಕು ವರ್ಷದ ಸಾಲವೂ ಆಷಾಢದಲ್ಲಿ ತಡವರಿಸುತ್ತದೆ.